ಅನುವಾದದ ವರ್ಕ್‌ಶೀಟ್ ಬಿಡಿಸುವ ಕ್ರಮ: ಪದಕ್ಕೆ ಪದ ಕೂರಿಸದೆ ಬರೆಯುವುದು ಹೇಗೆ

ವರ್ಕ್‌ಶೀಟಿನ ಮೊದಲ ವಾಕ್ಯ “ಐ ಹ್ಯಾವ್ ಟೂ ಬ್ರದರ್ಸ್” ಎಂದಿಟ್ಟುಕೊಳ್ಳಿ. ಮತ್ತೆ ಮತ್ತೆ ಬರುವ ಉತ್ತರ ಇದು: “ನಾನು ಎರಡು ಸಹೋದರರನ್ನು ಹೊಂದಿದ್ದೇನೆ.” ಇದರಲ್ಲಿರುವ ಒಂದೊಂದು ಪದವೂ ನಿಘಂಟಿನಲ್ಲಿದೆ. ಆದರೂ ಯಾವ ಮನೆಯಲ್ಲೂ ಯಾರೂ ಹೀಗೆ ಮಾತನಾಡುವುದಿಲ್ಲ. “ನನಗೆ ಇಬ್ಬರು ಅಣ್ಣಂದಿರು” ಎನ್ನುತ್ತೇವೆ, ಅಷ್ಟೇ.

ಈ ತಪ್ಪು ಪದಗಳು ಗೊತ್ತಿಲ್ಲದೆ ಆಗುವುದಲ್ಲ, ಕೆಲಸದ ಕ್ರಮ ತಿರುವುಮುರುವಾಗಿ ಆಗುವುದು. ಹೆಚ್ಚಿನವರು ಪೆನ್ನು ಹಿಡಿದ ತಕ್ಷಣ ಮೊದಲ ಪದದ ಅರ್ಥ ಹುಡುಕುತ್ತಾರೆ, ಆಮೇಲೆ ಎರಡನೆಯದು, ಕೊನೆಗೆ ಎಲ್ಲವನ್ನೂ ಸಾಲಾಗಿ ಜೋಡಿಸುತ್ತಾರೆ. ನಿಘಂಟು ತೆಗೆಯಬೇಕಾದದ್ದು ಐದನೇ ಹಂತದಲ್ಲಿ. ಅದಕ್ಕೆ ಮೊದಲು ಯಾರು ಯಾರಿಗೆ ಹೇಳುತ್ತಿದ್ದಾರೆ, ಕ್ರಿಯಾಪದ ಯಾವುದು, ವಾಕ್ಯದ ತುಂಡುಗಳು ಒಂದಕ್ಕೊಂದು ಹೇಗೆ ಅಂಟಿವೆ ಎಂಬುದು ಇತ್ಯರ್ಥವಾಗಿರಬೇಕು. ಕೆಳಗಿನ ಎಂಟು ಹಂತಗಳು ಆ ಕ್ರಮದಲ್ಲಿವೆ. ಇಂಗ್ಲಿಷ್ ವಾಕ್ಯಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದೆ.

## ಮೊದಲು ಮೇಜಿನ ಮೇಲೆ ಏನಿರಬೇಕು

ಒಂದು ಪೆನ್ಸಿಲ್, ರಬ್ಬರ್, ಕೊನೆಯ ಪ್ರತಿಗೆ ಪೆನ್ನು, ಕರಡು ಬರೆಯಲು ಗೆರೆ ಹಾಳೆ. ಇವುಗಳ ಜೊತೆಗೆ ಪೋಸ್ಟ್‌ಕಾರ್ಡ್ ಅಳತೆಯ ಒಂದು ರಟ್ಟಿನ ತುಂಡು ಬೇಕು. ಮೂಲ ವಾಕ್ಯವನ್ನು ಮುಚ್ಚಿಡಲು ಅದು, ಆರನೇ ಹಂತದಲ್ಲಿ ಅದರ ಕೆಲಸ ಬರುತ್ತದೆ.

ನಿಘಂಟು ಎರಡು ದಿಕ್ಕಿನದೂ ಇರಲಿ. ಕನ್ನಡದಿಂದ ಇಂಗ್ಲಿಷಿಗೆ ಫೋನಿನಲ್ಲಿ ನೋಡುವುದಾದರೆ alar.ink ಉಚಿತವಾಗಿ ಸಿಗುತ್ತದೆ. ಯಾವ ನಿಘಂಟಾದರೂ ಒಂದು ಪದದ ಎದುರು ಮೊದಲು ಕಾಣುವ ಅರ್ಥವನ್ನೇ ಎತ್ತಿಕೊಳ್ಳಬೇಡಿ, ಎಲ್ಲ ಅರ್ಥಗಳನ್ನೂ ಓದಿ.

ಹತ್ತು ಬಿಡಿ ವಾಕ್ಯ, ಒಂದು ಸಣ್ಣ ಪ್ಯಾರಾ ಇರುವ ಹಾಳೆಗೆ ನಲವತ್ತು ನಿಮಿಷ ಸಿಕ್ಕರೆ, ಮೊದಲ ಹದಿನೈದು ನಿಮಿಷ ಓದಿ ಗುರುತು ಹಾಕಲು, ಹದಿನೈದು ಬರೆಯಲು, ಕೊನೆಯ ಹತ್ತು ತಿದ್ದಲು. ಓದುವ ಸಮಯ ಕಡಿತ ಮಾಡಿದರೆ ತಿದ್ದುವಾಗ ಅದರ ಎರಡರಷ್ಟು ತೆರಬೇಕಾಗುತ್ತದೆ.

## ಹಂತ 1: ಯಾರು, ಯಾರಿಗೆ ಹೇಳುತ್ತಿದ್ದಾರೆ ಎಂದು ಗುರುತಿಸಿ

ಇಂಗ್ಲಿಷಿನ “ಯೂ” ಒಂದೇ. ಕನ್ನಡದಲ್ಲಿ ನೀನು, ನೀವು ಎಂದು ಆರಿಸಲೇಬೇಕು, ಆ ಆಯ್ಕೆ ಕ್ರಿಯಾಪದದ ಕೊನೆಯವರೆಗೂ ಹೋಗುತ್ತದೆ. “ಓಪನ್ ದ ಡೋರ್” ಎಂಬುದು ತಮ್ಮನಿಗಾದರೆ “ಬಾಗಿಲು ತೆಗೆ”, ಮಾವನಿಗಾದರೆ “ಬಾಗಿಲು ತೆಗೆಯಿರಿ”. ಹಾಳೆಯಲ್ಲಿ ಸುಳಿವು ಇಲ್ಲದಿದ್ದರೆ ನೀವು ಎಂದೇ ಹಿಡಿಯಿರಿ. ಮುಖ್ಯವಾದ ಮಾತೆಂದರೆ ಒಂದು ಪ್ಯಾರಾದೊಳಗೆ ಅದನ್ನು ಬದಲಿಸಬಾರದು. ಮೊದಲ ಸಾಲಿನಲ್ಲಿ “ನೀವು ಬನ್ನಿ”, ಮೂರನೆಯದರಲ್ಲಿ “ನಿನ್ನ ಪುಸ್ತಕ” ಎಂದು ಬಂದರೆ, ವಾಕ್ಯಗಳನ್ನು ಬಿಡಿಬಿಡಿಯಾಗಿ ಅನುವಾದಿಸಿದ್ದೀರಿ ಎಂದು ತಿದ್ದುವವರಿಗೆ ತಕ್ಷಣ ಗೊತ್ತಾಗುತ್ತದೆ.

ನಂಟಿನ ಪದಗಳಲ್ಲೂ ಇದೇ ಕಷ್ಟ. “ಬ್ರದರ್” ಅಣ್ಣನೋ ತಮ್ಮನೋ, “ಅಂಕಲ್” ಚಿಕ್ಕಪ್ಪನೋ ದೊಡ್ಡಪ್ಪನೋ ಸೋದರಮಾವನೋ, ಇಂಗ್ಲಿಷ್ ಹೇಳುವುದಿಲ್ಲ. ಪ್ಯಾರಾವನ್ನು ಕೊನೆಯವರೆಗೆ ಓದಿ ವಯಸ್ಸಿನ ಸುಳಿವು ಹುಡುಕಿ. ಸಿಗದಿದ್ದರೆ ಒಂದನ್ನು ಆರಿಸಿ ಅದಕ್ಕೇ ನಿಲ್ಲಿ. ತಪ್ಪಿಸಿಕೊಳ್ಳಲು “ಸಹೋದರ” ಎಂದು ಬರೆಯುವುದು ಅರ್ಜಿ ನಮೂನೆಗೆ ಸರಿ, ಮನೆಯ ಮಾತಿಗೆ ಸರಿಯಲ್ಲ.

ಇನ್ನೊಂದು ಸಣ್ಣ ಸಂಗತಿ. “ಮೈ ಅಂಕಲ್”, “ಮೈ ಹೌಸ್”, “ಮೈ ವಿಲೇಜ್” ಎಂದಿದ್ದಲ್ಲಿ ಕನ್ನಡದಲ್ಲಿ ಸಹಜವಾಗಿ ಬರುವುದು “ನಮ್ಮ”: ನಮ್ಮ ಚಿಕ್ಕಪ್ಪ, ನಮ್ಮ ಮನೆ, ನಮ್ಮೂರು. “ನನ್ನ ಪೆನ್ನು” ಸರಿ, ಪೆನ್ನು ಒಬ್ಬರದೇ. ಮನೆ, ಊರು, ನೆಂಟರು ಒಬ್ಬರದಲ್ಲ ಎಂಬ ಭಾವ ಭಾಷೆಯೊಳಗೇ ಇದೆ. ಹಿಂದಿರುಗಿ ಇಂಗ್ಲಿಷಿಗೆ ಹೋಗುವಾಗ ಆ “ನಮ್ಮ” ಮತ್ತೆ “ಮೈ” ಆಗಬೇಕು.

ಎಣಿಕೆಯನ್ನೂ ಇಲ್ಲೇ ಇತ್ಯರ್ಥ ಮಾಡಿ. ಜನರಾದರೆ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ವಸ್ತುವಾದರೆ ಎರಡು, ಮೂರು, ನಾಲ್ಕು, ಜೊತೆಗೆ ಬಹುವಚನದ “ಗಳು” ಸಾಮಾನ್ಯವಾಗಿ ಬೇಕಿಲ್ಲ. “ತ್ರೀ ಬುಕ್ಸ್” ಎಂದರೆ “ಮೂರು ಪುಸ್ತಕ” ಸಾಕು.

## ಹಂತ 2: ಕ್ರಿಯಾಪದಕ್ಕೆ ಗೆರೆ ಎಳೆದು, ಅದು ಯಾವ ಜಾತಿಯದೆಂದು ನೋಡಿ

ಪ್ರತಿ ವಾಕ್ಯದ ಕ್ರಿಯಾಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಕನ್ನಡದಲ್ಲಿ ಅದು ವಾಕ್ಯದ ತುದಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಕೈ ತಪ್ಪುವುದು “ಹ್ಯಾವ್” ಬಂದಾಗ, ಏಕೆಂದರೆ ಕನ್ನಡದಲ್ಲಿ ಅದಕ್ಕೆ ಒಂದೇ ಸಾಟಿ ಇಲ್ಲ. “ಹೊಂದು” ಎಂಬುದನ್ನು ಸಾಟಿ ಎಂದುಕೊಂಡಿರುವುದೇ ಈ ಹಾಳೆಗಳ ದೊಡ್ಡ ರೋಗ.

ಏನು ಇದೆ ಎಂಬುದರ ಮೇಲೆ ಕನ್ನಡದ ರೂಪ ಬದಲಾಗುತ್ತದೆ. ನೆಂಟರು ಮತ್ತು ರೋಗಕ್ಕೆ “ನನಗೆ”: ನನಗೆ ಒಬ್ಬಳು ತಂಗಿ ಇದ್ದಾಳೆ, ನನಗೆ ಜ್ವರ ಬಂದಿದೆ. ಕೈಯಲ್ಲಿರುವ, ಜೇಬಿನಲ್ಲಿರುವ ವಸ್ತುವಿಗೆ “ನನ್ನ ಹತ್ತಿರ” ಅಥವಾ “ನನ್ನ ಬಳಿ”: ನನ್ನ ಹತ್ತಿರ ನೂರು ರೂಪಾಯಿ ಇದೆ. ಒಂದರ ಭಾಗವಾಗಿರುವುದಕ್ಕೆ “ಗೆ” ಇಲ್ಲವೇ “ಅಲ್ಲಿ”: ಈ ಮನೆಗೆ ನಾಲ್ಕು ಕಿಟಕಿ, ಈ ಊರಿನಲ್ಲಿ ಎರಡು ಕೆರೆ ಇವೆ. ಮೂರರಲ್ಲೂ ಇಂಗ್ಲಿಷಿನದು ಒಂದೇ “ಹ್ಯಾವ್” ಅಥವಾ “ಹ್ಯಾಸ್”.

ಮೈಮನಸ್ಸಿಗೆ ಆಗುವ ಅನುಭವಗಳಿಗೂ ಇದೇ ದಾರಿ. “ಐ ಆಮ್ ಹಂಗ್ರಿ” ಎಂಬಲ್ಲಿ ಇಂಗ್ಲಿಷ್ ನನ್ನನ್ನು ಕರ್ತೃ ಮಾಡುತ್ತದೆ, ಕನ್ನಡದಲ್ಲಿ ಹಸಿವು ತಾನಾಗಿ ನನಗೆ ಆಗುತ್ತದೆ. ನನಗೆ ಹಸಿವಾಗಿದೆ, ನನಗೆ ನೆನಪಿದೆ, ನನಗೆ ಇಷ್ಟ, ನನಗೆ ಗೊತ್ತು, ನನಗೆ ನಿದ್ದೆ ಬರುತ್ತಿದೆ. “ನಾನು ಹಸಿದಿದ್ದೇನೆ” ವ್ಯಾಕರಣದಲ್ಲಿ ತಪ್ಪಲ್ಲ. ಆದರೆ ಅದು ಹೊತ್ತಿನ ಹಸಿವಿಗಿಂತ ದೊಡ್ಡ ಹಸಿವಿನ ಧ್ವನಿ ಕೊಡುತ್ತದೆ, ಊಟದ ಹೊತ್ತಿನ ಮಾತಿಗೆ ಒಗ್ಗುವುದಿಲ್ಲ.

ಇನ್ನು “ಇಟ್”. “ಇಟ್ ಈಸ್ ರೈನಿಂಗ್” ಎಂಬಲ್ಲಿನ “ಇಟ್” ಜಾಗ ತುಂಬಲು ಇರುವ ಪದ, ಅದು ಯಾವ ವಸ್ತುವನ್ನೂ ಸೂಚಿಸುವುದಿಲ್ಲ. “ಮಳೆ ಬರುತ್ತಿದೆ” ಎಂದು ಬರೆದು ಅದನ್ನು ಬಿಟ್ಟುಬಿಡಿ. ಹಾಗೆಯೇ “ಇಫ್ ಇಟ್ ರೈನ್ಸ್” ಎಂದರೆ “ಮಳೆ ಬಂದರೆ”. “ಒಂದು ವೇಳೆ” ಸೇರಿಸುವ ಅಭ್ಯಾಸ ಹಲವರಿಗಿದೆ, ಆದರೆ “ರೆ” ಪ್ರತ್ಯಯವೇ ಆ ಕೆಲಸ ಮಾಡಿ ಮುಗಿಸಿರುತ್ತದೆ.

## ಹಂತ 3: ಉದ್ದ ವಾಕ್ಯವನ್ನು ಬಿಚ್ಚಿ, ಮತ್ತೆ ಕನ್ನಡದ ದಾರದಲ್ಲಿ ಪೋಣಿಸಿ

ಇದು ಇಡೀ ಕೆಲಸದ ಹೃದಯ. ಇಂಗ್ಲಿಷ್ ತನ್ನ ತುಂಡುಗಳನ್ನು “ಅಂಡ್”, “ಹೂ”, “ವಿಚ್”, “ದಟ್” ಎಂಬ ಕೊಂಡಿಗಳಿಂದ ಕಟ್ಟುತ್ತದೆ. ಕನ್ನಡ ಕ್ರಿಯಾಪದದ ರೂಪವನ್ನೇ ಬದಲಿಸಿ ಕಟ್ಟುತ್ತದೆ. ಹಾಗಾಗಿ ಕೊಂಡಿಯನ್ನು ಅನುವಾದಿಸಲು ಹೋಗಬೇಡಿ. ಕೊಂಡಿಯ ಸುತ್ತ ಪೆನ್ಸಿಲಿನಿಂದ ಸೊನ್ನೆ ಹಾಕಿ, ಅದರ ಎರಡೂ ಕಡೆಯ ಕೆಲಸಗಳನ್ನು ಯಾರು ಮಾಡುತ್ತಿದ್ದಾರೆ ಎಂದು ನೋಡಿ.

ಇಬ್ಬದಿಯ ಕೆಲಸವನ್ನೂ ಒಬ್ಬರೇ ಮಾಡಿದ್ದರೆ ಮೊದಲ ಕ್ರಿಯಾಪದ “ಇ” ಅಥವಾ “ದು” ರೂಪಕ್ಕೆ ಬರುತ್ತದೆ. “ಶಿ ವಾಷ್ಡ್ ದ ರೈಸ್ ಅಂಡ್ ಪುಟ್ ಇಟ್ ಆನ್ ದ ಸ್ಟವ್” ಎಂದರೆ “ಅವಳು ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು”. ಇಲ್ಲಿ “ಮತ್ತು” ಇಲ್ಲ, “ಅದನ್ನು” ಕೂಡ ಇಲ್ಲ. ಎರಡನ್ನೂ ಹಾಕಿ “ಅವಳು ಅಕ್ಕಿಯನ್ನು ತೊಳೆದಳು ಮತ್ತು ಅದನ್ನು ಒಲೆಯ ಮೇಲೆ ಇಟ್ಟಳು” ಎಂದರೆ ಎರಡು ಬೇರೆ ಬೇರೆ ಘಟನೆ ವರದಿ ಮಾಡಿದ ಹಾಗಿರುತ್ತದೆ.

ಕೆಲಸ ಮಾಡಿದವರು ಬೇರೆಯಾಗಿದ್ದರೆ ಈ ರೂಪ ಕೈಕೊಡುತ್ತದೆ. “ದ ಬೆಲ್ ರ‍್ಯಾಂಗ್ ಅಂಡ್ ದ ಚಿಲ್ಡ್ರನ್ ರ‍್ಯಾನ್ ಔಟ್” ಎಂಬುದನ್ನು “ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿದರು” ಎಂದು ಬರೆದರೆ ಗಂಟೆ ಹೊಡೆದವರೂ ಮಕ್ಕಳೇ ಆಗಿಬಿಡುತ್ತಾರೆ. “ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಓಡಿದರು” ಎಂದು ಬಿಡಿಸಿ ಬರೆಯಿರಿ. ಪದಶಃ ಅನುವಾದ ಬಿಡಬೇಕೆಂದು ಹೊರಟವರೇ ಹೆಚ್ಚಾಗಿ ಬೀಳುವ ಗುಂಡಿ ಇದು, ಆದ್ದರಿಂದ ಸೊನ್ನೆ ಹಾಕಿದ ಪ್ರತಿ “ಅಂಡ್” ಮೇಲೆ “ಒಬ್ಬರೇ?” ಎಂದು ಬರೆದುಕೊಳ್ಳುವುದು ಒಳ್ಳೆಯದು.

“ಹೂ”, “ವಿಚ್”, “ದಟ್” ಬಂದಾಗ ಕ್ರಿಯಾಪದ ನಾಮಪದದ ಮುಂದೆ ಬಂದು ಕೂರುತ್ತದೆ. “ದ ಬುಕ್ ದಟ್ ಐ ಬಾಟ್” ಎಂದರೆ “ನಾನು ಕೊಂಡ ಪುಸ್ತಕ”, “ದ ಗರ್ಲ್ ಹೂ ಸಿಂಗ್ಸ್” ಎಂದರೆ “ಹಾಡುವ ಹುಡುಗಿ”. “ಯಾವ ಹುಡುಗಿ ಹಾಡುತ್ತಾಳೋ ಅವಳು” ಎಂಬ ರಚನೆ ಗಾದೆಗಳಿಗೆ, ಶಾಸ್ತ್ರದ ಮಾತಿಗೆ ಹೊಂದುತ್ತದೆ. ಸಾದಾ ವಾಕ್ಯಕ್ಕೆ ಅದು ಭಾರ.

ಇಲ್ಲಿ ಒಂದು ಅಲ್ಪವಿರಾಮ ಅರ್ಥವನ್ನೇ ತಿರುಗಿಸುತ್ತದೆ. “ಮೈ ಸಿಸ್ಟರ್, ಹೂ ಲಿವ್ಸ್ ಇನ್ ಹಾಸನ, ಈಸ್ ಎ ನರ್ಸ್” ಎಂಬ ವಾಕ್ಯ ನೋಡಿ. “ಹೂ” ಹಿಂದೆ ಅಲ್ಪವಿರಾಮ ಇರುವುದರಿಂದ ಹಾಸನದ ಸಂಗತಿ ಬರಿಯ ಹೆಚ್ಚುವರಿ ಮಾಹಿತಿ. “ಹಾಸನದಲ್ಲಿರುವ ನಮ್ಮ ಅಕ್ಕ ನರ್ಸ್” ಎಂದರೆ ಬೇರೆ ಊರಲ್ಲಿ ಇನ್ನೊಬ್ಬ ಅಕ್ಕ ಇದ್ದಾಳೇನೋ ಎಂಬ ಅನುಮಾನ ಬರುತ್ತದೆ. ಅಲ್ಪವಿರಾಮ ಕಂಡರೆ ಎರಡಾಗಿ ಒಡೆಯಿರಿ: “ನಮ್ಮ ಅಕ್ಕ ನರ್ಸ್, ಹಾಸನದಲ್ಲಿದ್ದಾಳೆ.” ಅಲ್ಪವಿರಾಮ ಇಲ್ಲದಿದ್ದರೆ “ಹಾಸನದಲ್ಲಿರುವ ಅಕ್ಕ” ಎಂದೇ ಪೋಣಿಸಬೇಕು.

ಪೋಣಿಸುವುದಕ್ಕೂ ಮಿತಿ ಇದೆ. ಒಂದು ನಾಮಪದದ ಮುಂದೆ ಅಂಥ ಎರಡು ತುಂಡು ಸೇರಿದರೆ ಓದುವವರ ಉಸಿರು ಕಟ್ಟುತ್ತದೆ. “ಕಳೆದ ವಾರ ಜಾತ್ರೆಯಲ್ಲಿ ಕೊಂಡ ಹಸುವನ್ನು ಮಾರಿದ ಮನುಷ್ಯನ ಮಗ” ಎಂಬಲ್ಲಿ ಹಸು ಕೊಂಡವರು ಯಾರೆಂದು ತಿಳಿಯಲು ಮತ್ತೆ ಓದಬೇಕು. ಅಂಥ ಕಡೆ ಎರಡು ವಾಕ್ಯ ಮಾಡಿ. ಇಂಗ್ಲಿಷಿನ ಒಂದು ವಾಕ್ಯಕ್ಕೆ ಕನ್ನಡದಲ್ಲೂ ಒಂದೇ ಇರಬೇಕೆಂಬ ನಿಯಮ ಇಲ್ಲ.

ಹೇಳಿದ ಮಾತನ್ನು ವರದಿ ಮಾಡುವ “ದಟ್” ಬೇರೆಯೇ. “ರವಿ ಸೆಡ್ ದಟ್ ಹಿ ವುಡ್ ಕಮ್” ಎಂಬಲ್ಲಿ ಬರುವವನು ರವಿಯೇ ಆದರೆ “ಬರುತ್ತೇನೆ ಎಂದು ರವಿ ಹೇಳಿದ” ಎನ್ನಿ, ಇಲ್ಲವೇ “ತಾನು ಬರುವುದಾಗಿ ರವಿ ಹೇಳಿದ”. “ಅವನು ಬರುತ್ತಾನೆ ಎಂದು ರವಿ ಹೇಳಿದ” ಎಂದರೆ ಬರುವವನು ಮೂರನೆಯವನಾಗುತ್ತಾನೆ. “ರವಿ ಹೇಳಿದನು ಏನೆಂದರೆ” ಎಂದು ಶುರುಮಾಡಿದರೆ ಅಡಿಯಲ್ಲಿ ಇಂಗ್ಲಿಷ್ ಇಣುಕುತ್ತಿದೆ ಎಂದೇ ಅರ್ಥ.

## ಹಂತ 4: “ಅಲ್ಪಟ್ಟಿತು” ಬರುವ ಕಡೆ ನಿಲ್ಲಿ

ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗ ದಿನಬಳಕೆಯದು, ಕನ್ನಡದಲ್ಲಿ ಅದು ಅಪರೂಪ. ಹಾಳೆಯಲ್ಲಿ “ವಾಸ್ ಬಿಲ್ಟ್”, “ಈಸ್ ಗ್ರೋನ್”, “ವರ್ ಗಿವನ್” ಕಂಡ ಕೂಡಲೇ ಕೈ “ಕಟ್ಟಲ್ಪಟ್ಟಿತು” ಎಂದು ಬರೆಯಲು ಹೊರಡುತ್ತದೆ. ಅಲ್ಲಿ ಮೂರು ದಾರಿಗಳಿವೆ.

ಮಾಡಿದವರ ಹೆಸರು ಇದ್ದರೆ ಕರ್ಮವನ್ನೇ ಮುಂದಿಟ್ಟು ವಾಕ್ಯವನ್ನು ಕರ್ತರಿಯಲ್ಲೇ ಬರೆಯಿರಿ. “ವಿಧಾನಸೌಧ ವಾಸ್ ಬಿಲ್ಟ್ ಬೈ ಕೆಂಗಲ್ ಹನುಮಂತಯ್ಯ” ಎಂದರೆ “ವಿಧಾನಸೌಧವನ್ನು ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದರು”. ವಿಧಾನಸೌಧ ಮುಂದೆ ಬಂದಿರುವುದರಿಂದ ಇಂಗ್ಲಿಷ್ ವಾಕ್ಯದ ಒತ್ತು ಹಾಗೇ ಉಳಿಯುತ್ತದೆ. “ಕಟ್ಟಿದರು” ಎಂಬುದು “ಕಟ್ಟಿಸಿದರು” ಆದದ್ದನ್ನೂ ಗಮನಿಸಿ. ಕಲ್ಲು ಹೊತ್ತವರು ಬೇರೆ, ಮಾಡಿಸಿದವರು ಬೇರೆ. ಇಂಗ್ಲಿಷಿನ “ಬಿಲ್ಟ್” ಎರಡನ್ನೂ ನುಂಗಿಕೊಳ್ಳುತ್ತದೆ, ಕನ್ನಡ ನುಂಗುವುದಿಲ್ಲ.

ಮಾಡಿದವರು ಯಾರೆಂದು ಹೇಳದಿದ್ದರೆ ಬಹುವಚನದ ಕ್ರಿಯಾಪದ ಸಾಕು, ಕರ್ತೃವೇ ಬೇಡ. “ರೈಸ್ ಈಸ್ ಗ್ರೋನ್ ಇನ್ ಮಂಡ್ಯ” ಎಂದರೆ “ಮಂಡ್ಯದಲ್ಲಿ ಭತ್ತ ಬೆಳೆಯುತ್ತಾರೆ”. ಮೂರನೆಯ ದಾರಿ, ಕೆಲಸ ತಾನಾಗಿ ಆದಂತೆ ಹೇಳುವ ಕ್ರಿಯಾಪದ. “ವಿಧಾನಸೌಧ ವಾಸ್ ಕಂಪ್ಲೀಟೆಡ್ ಇನ್ 1956” ಎಂಬುದು “ವಿಧಾನಸೌಧ 1956ರಲ್ಲಿ ಪೂರ್ಣಗೊಂಡಿತು”. ಮುಗಿಯಿತು, ಒಡೆಯಿತು, ಸಿಕ್ಕಿತು, ಆಯಿತು ಎಲ್ಲ ಈ ಗುಂಪಿನವೇ.

“ಕರ್ತರಿ ವಾಕ್ಯವನ್ನು ಕರ್ಮಣಿಗೆ ಬದಲಿಸಿ” ಎಂದು ಹಾಳೆಯೇ ಕೇಳಿದ್ದರೆ ಮಾತ್ರ “ಅಲ್ಪಟ್ಟಿತು” ಬೇಕೇ ಬೇಕು. ಅದು ಅನುವಾದದ ಪ್ರಶ್ನೆಯಲ್ಲ, ವ್ಯಾಕರಣದ್ದು. ಸೂಚನೆಯ ಸಾಲನ್ನು ಓದದೆ ಎರಡನ್ನೂ ಬೆರೆಸಿ ಅಂಕ ಕಳೆದುಕೊಳ್ಳುವವರಿದ್ದಾರೆ.

## ಹಂತ 5: ಈಗ ನಿಘಂಟು ತೆಗೆಯಿರಿ, ಆದರೆ ಜೋಡಿಯಾಗಿ ಹುಡುಕಿ

ಒಂಟಿ ಪದ ಹುಡುಕಿದರೆ ತಪ್ಪು ಅರ್ಥ ಕೈಗೆ ಬರುತ್ತದೆ. ಕ್ರಿಯಾಪದವನ್ನು ಅದರ ಕರ್ಮದ ಜೊತೆ ಸೇರಿಸಿ ನೋಡಬೇಕು. ಇದಕ್ಕೆ ಒಳ್ಳೆಯ ಉದಾಹರಣೆ “ವೇರ್”. ಇಂಗ್ಲಿಷಿನಲ್ಲಿ ಸೀರೆ, ಅಂಗಿ, ಹೂವು, ಕನ್ನಡಕ ಎಲ್ಲಕ್ಕೂ ಅದೊಂದೇ. ಕನ್ನಡದಲ್ಲಿ ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ ಅಥವಾ ಹಾಕಿಕೊಳ್ಳುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಕುಂಕುಮ ಇಟ್ಟುಕೊಳ್ಳುತ್ತೇವೆ, ಪೇಟ ಸುತ್ತುತ್ತೇವೆ. “ಅವಳು ಸೀರೆ ಮತ್ತು ಹೂವನ್ನು ಧರಿಸಿದ್ದಳು” ಎಂದು ಬರೆದವರು ನಿಘಂಟಿನ ಮೊದಲ ಅರ್ಥಕ್ಕೆ ಅಂಟಿಕೊಂಡಿದ್ದಾರೆ. “ಸೀರೆ ಉಟ್ಟು ಹೂ ಮುಡಿದಿದ್ದಳು” ಎಂದರೆ ಹೆಂಗಸು ಕಣ್ಣಿಗೆ ಕಾಣುತ್ತಾಳೆ.

“ಟೇಕ್” ಕೂಡ ಹೀಗೆಯೇ. ಸ್ನಾನ ಮಾಡುತ್ತೇವೆ, ಫೋಟೊ ತೆಗೆಯುತ್ತೇವೆ, ಮಾತ್ರೆ ನುಂಗುತ್ತೇವೆ, ಬಸ್ ಹತ್ತುತ್ತೇವೆ, ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಇವುಗಳಲ್ಲಿ ಯಾವುದಕ್ಕೂ “ತೆಗೆದುಕೊಳ್ಳು” ಮೊದಲ ಆಯ್ಕೆಯಲ್ಲ.

ನಾಮಪದಗಳಲ್ಲಿ “ರೈಸ್” ನೆನಪಿಡಿ: ಗದ್ದೆಯಲ್ಲಿ ಭತ್ತ, ಅಂಗಡಿಯಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ. ವಾಕ್ಯ ನಡೆಯುವ ಜಾಗ ಯಾವುದೆಂದು ನೋಡದೆ ಪದ ಆರಿಸುವ ಹಾಗಿಲ್ಲ. ಬಸ್, ಶಟರ್, ಡಾಕ್ಟರ್, ಫೋನ್ ಎಂಬಂಥ ಪದಗಳನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆಯಬಹುದು. ಎಲ್ಲರೂ ಆಡುವ ಪದ ಬಿಟ್ಟು ಯಾರೂ ಆಡದ ಸಂಸ್ಕೃತ ಪದ ಹುಡುಕಿದರೆ ಅನುವಾದ ಸಹಜವಾಗುವುದಿಲ್ಲ.

## ಹಂತ 6: ಮೂಲವನ್ನು ಮುಚ್ಚಿ ಬರೆಯಿರಿ

ಮೂಲ ವಾಕ್ಯವನ್ನು ಎರಡು ಸಲ ಓದಿ, ರಟ್ಟಿನಿಂದ ಮುಚ್ಚಿ, ಅದೇ ಸಂಗತಿಯನ್ನು ಪಕ್ಕದವರಿಗೆ ಹೇಳುವಂತೆ ಕನ್ನಡದಲ್ಲಿ ಬರೆಯಿರಿ. ಕಣ್ಣೆದುರು ಇಂಗ್ಲಿಷ್ ಇದ್ದಷ್ಟು ಹೊತ್ತು ಅದರ ಪದಕ್ರಮ ಕೈಯನ್ನು ಎಳೆಯುತ್ತಲೇ ಇರುತ್ತದೆ. ಬರೆದಾದ ಮೇಲೆ ರಟ್ಟು ತೆಗೆದು, ಹೆಸರು, ಸಂಖ್ಯೆ, ಕಾಲ, “ನಾಟ್” ಬಿಟ್ಟುಹೋಗಿಲ್ಲವೇ ಎಂದು ತಾಳೆ ನೋಡಿ.

ಒಂದು ಪ್ಯಾರಾವನ್ನು ಹೀಗೆ ಬಿಡಿಸೋಣ:

“ಮೈ ಅಂಕಲ್ ಹ್ಯಾಸ್ ಎ ಸ್ಮಾಲ್ ಶಾಪ್ ನಿಯರ್ ದ ಬಸ್ ಸ್ಟ್ಯಾಂಡ್. ದ ಬಾಯ್ ಹೂ ವರ್ಕ್ಸ್ ದೇರ್ ಓಪನ್ಸ್ ದ ಶಟರ್ ಅಟ್ ಸೆವೆನ್ ಅಂಡ್ ಸ್ವೀಪ್ಸ್ ದ ಫ್ಲೋರ್. ಯೆಸ್ಟರ್‌ಡೇ ದ ಲಾಕ್ ವಾಸ್ ಬ್ರೋಕನ್ ಬೈ ಸಮ್‌ವನ್. ಮೈ ಅಂಕಲ್ ಡಿಡ್ ನಾಟ್ ಲೂಸ್ ಹಿಸ್ ಟೆಂಪರ್. ಹಿ ಟೋಲ್ಡ್ ದ ಬಾಯ್ ನಾಟ್ ಟು ವರಿ.”

ಪದಕ್ಕೆ ಪದ ಇಟ್ಟ ಉತ್ತರ:

“ನನ್ನ ಚಿಕ್ಕಪ್ಪ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಅಂಗಡಿಯನ್ನು ಹೊಂದಿದ್ದಾರೆ. ಯಾವ ಹುಡುಗನು ಅಲ್ಲಿ ಕೆಲಸ ಮಾಡುತ್ತಾನೋ ಅವನು ಏಳು ಗಂಟೆಗೆ ಶಟರನ್ನು ತೆರೆಯುತ್ತಾನೆ ಮತ್ತು ನೆಲವನ್ನು ಗುಡಿಸುತ್ತಾನೆ. ನಿನ್ನೆ ಬೀಗವು ಯಾರೋ ಒಬ್ಬರಿಂದ ಒಡೆಯಲ್ಪಟ್ಟಿತು. ನನ್ನ ಚಿಕ್ಕಪ್ಪ ಅವರ ಕೋಪವನ್ನು ಕಳೆದುಕೊಳ್ಳಲಿಲ್ಲ. ಅವರು ಹುಡುಗನಿಗೆ ಚಿಂತಿಸಬಾರದೆಂದು ಹೇಳಿದರು.”

ಹಂತಗಳ ಪ್ರಕಾರ ಬರೆದದ್ದು:

“ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಚಿಕ್ಕಪ್ಪನದೊಂದು ಸಣ್ಣ ಅಂಗಡಿ ಇದೆ. ಅಲ್ಲಿ ಕೆಲಸ ಮಾಡುವ ಹುಡುಗ ಏಳು ಗಂಟೆಗೆ ಶಟರ್ ಎತ್ತಿ ನೆಲ ಗುಡಿಸುತ್ತಾನೆ. ನಿನ್ನೆ ಯಾರೋ ಬೀಗ ಒಡೆದಿದ್ದರು. ಚಿಕ್ಕಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ‘ಚಿಂತೆ ಮಾಡಬೇಡ’ ಎಂದು ಹುಡುಗನಿಗೆ ಹೇಳಿದರು.”

ಮೊದಲ ಉತ್ತರದ ನಾಲ್ಕನೇ ವಾಕ್ಯ ನಿಜಕ್ಕೂ ಅಪಾಯದ್ದು. “ಕೋಪ ಕಳೆದುಕೊಳ್ಳಲಿಲ್ಲ” ಎಂದರೆ ಕೋಪ ಹಾಗೇ ಇತ್ತು ಎಂದಾಯಿತು, ಅರ್ಥ ಪೂರ್ತಿ ಉಲ್ಟಾ. ನುಡಿಗಟ್ಟು ಬಂದಾಗ ಪದಶಃ ಅನುವಾದ ಬರೀ ಒರಟಾಗಿ ಕೇಳಿಸಿ ಸುಮ್ಮನಾಗುವುದಿಲ್ಲ, ಸುಳ್ಳನ್ನೂ ಹೇಳಿಬಿಡುತ್ತದೆ. ಎರಡನೆಯದರಲ್ಲಿ ಶಟರನ್ನು “ತೆರೆ”ಯುವ ಬದಲು “ಎತ್ತಿ”ರುವುದು ಐದನೇ ಹಂತದ ಜೋಡಿ ಹುಡುಕಾಟದ ಫಲ. “ಒಡೆದರು” ಎಂದು ಬರೆದರೂ ತಪ್ಪಲ್ಲ. ಆದರೆ ಯಾರೂ ನೋಡದೆ ಆಮೇಲೆ ಗೊತ್ತಾದ ಕೆಲಸಕ್ಕೆ “ಒಡೆದಿದ್ದರು” ಹೆಚ್ಚು ಒಪ್ಪುತ್ತದೆ. ಕೊನೆಯ ವಾಕ್ಯದಲ್ಲಿ “ಅವರು” ಬಿಟ್ಟಿದೆ, “ಹೇಳಿದರು” ಎಂಬುದೇ ಚಿಕ್ಕಪ್ಪನನ್ನು ತೋರಿಸುತ್ತದೆ.

## ಹಂತ 7: ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಬಿಟ್ಟದ್ದನ್ನು ಹುಡುಕಿ ತನ್ನಿ

ಈ ದಿಕ್ಕಿನಲ್ಲಿ ಕಷ್ಟ ಬೇರೆ ಬಗೆಯದು. ಕನ್ನಡ ಹೇಳದೆ ಬಿಟ್ಟದ್ದನ್ನು ಇಂಗ್ಲಿಷಿನಲ್ಲಿ ಬರೆಯಲೇಬೇಕು: ಕರ್ತೃ, “ಎ” ಅಥವಾ “ದ”, ಕೆಲವೊಮ್ಮೆ ಕರ್ಮ. ಪ್ರತಿ ಕ್ರಿಯಾಪದದ ಮೇಲೆ ಅದನ್ನು ಮಾಡಿದವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದರಿಂದ ಶುರುಮಾಡಿ.

“ಅಜ್ಜಿಗೆ ನಿನ್ನೆಯಿಂದ ಜ್ವರ. ಊಟ ಸೇರುತ್ತಿಲ್ಲವಂತೆ. ಅಮ್ಮ ಗಂಜಿ ಮಾಡಿಕೊಟ್ಟಳು. ಕುಡಿದು ಮಲಗಿಬಿಟ್ಟರು. ಸಂಜೆ ಡಾಕ್ಟರ್ ಬಂದು ನೋಡಿಕೊಂಡು ಹೋದರು.”

ನಾಲ್ಕನೇ ವಾಕ್ಯದಲ್ಲಿ ಕುಡಿದು ಮಲಗಿದ್ದು ಯಾರು? ಹಿಂದಿನ ವಾಕ್ಯದ ಕರ್ತೃ ಅಮ್ಮ, ಹಾಗಾಗಿ ಅಮ್ಮನೇ ಎಂದು ಬರೆಯುವವರು ಇದ್ದಾರೆ. ಆದರೆ ಅಮ್ಮನಿಗೆ “ಮಾಡಿಕೊಟ್ಟಳು” ಎಂದಿದೆ, ಇಲ್ಲಿ “ಮಲಗಿಬಿಟ್ಟರು” ಎಂದಿದೆ. ಅಮ್ಮನಿಗೆ ಏಕವಚನ, ಅಜ್ಜಿಗೆ ಗೌರವದ ಬಹುವಚನ. ಹಾಗಾಗಿ ಮಲಗಿದ್ದು ಅಜ್ಜಿ. ಕ್ರಿಯಾಪದದ ತುದಿಯನ್ನು ಓದದೆ ಇದು ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಇಬ್ಬರೂ “ಶಿ” ಆಗುವುದರಿಂದ ಅಲ್ಲಿ ಗೊಂದಲ ಬಂದರೆ ಹೆಸರನ್ನೇ ಮತ್ತೆ ಬರೆಯಬೇಕು.

ಮೊದಲ ವಾಕ್ಯಕ್ಕೆ ಬರುವ ಸಾಮಾನ್ಯ ಉತ್ತರ “ಗ್ರ್ಯಾಂಡ್‌ಮದರ್ ಈಸ್ ಹ್ಯಾವಿಂಗ್ ಫೀವರ್ ಫ್ರಮ್ ಯೆಸ್ಟರ್‌ಡೇ”. “ಇಂದ” ಎಂಬುದಕ್ಕೆ “ಫ್ರಮ್” ಇಟ್ಟದ್ದು ಇಲ್ಲಿನ ಪದಶಃ ತಪ್ಪು. ಹಿಂದೆ ಶುರುವಾಗಿ ಈಗಲೂ ಇರುವುದಕ್ಕೆ ಇಂಗ್ಲಿಷಿನಲ್ಲಿ “ಹ್ಯಾಸ್ ಹ್ಯಾಡ್… ಸಿನ್ಸ್” ಬೇಕು. “ಅಂತೆ” ಎಂಬ ಎರಡಕ್ಷರ ಬಿಟ್ಟುಬಿಡುವುದು ಇನ್ನೊಂದು ತಪ್ಪು. ಬರೆಯುವವರು ಕಂಡದ್ದಲ್ಲ, ಕೇಳಿದ್ದು ಎಂದು ಅದು ಹೇಳುತ್ತದೆ. ಇಲ್ಲಿ “ಶಿ ಸೇಸ್” ಎಂದು ತರಬಹುದು, ಬೇರೆ ಕಡೆ “ಐ ಹಿಯರ್” ಅಥವಾ “ಅಪ್ಯಾರೆಂಟ್ಲಿ” ಹೊಂದುತ್ತದೆ.

“ಮಲಗಿಬಿಟ್ಟರು” ಎಂಬಲ್ಲಿನ “ಬಿಡು”ವನ್ನು “ಲೆಫ್ಟ್” ಎಂದು ತರುವ ಹಾಗಿಲ್ಲ. ಕೆಲಸ ತಟ್ಟನೆ ಮುಗಿಯಿತು ಎಂಬ ಭಾವ ಅದು, “ವೆಂಟ್ ಸ್ಟ್ರೇಟ್ ಟು ಬೆಡ್” ಎಂಬಲ್ಲಿನ “ಸ್ಟ್ರೇಟ್” ಅದನ್ನು ಹಿಡಿಯುತ್ತದೆ. “ಮಾಡಿಕೊಟ್ಟಳು” ಎಂಬಲ್ಲಿನ “ಕೊಡು” ಅಜ್ಜಿಗಾಗಿ ಎಂದು ಸೂಚಿಸುತ್ತದೆ, ಅದು “ಮೇಡ್ ಹರ್” ಎಂಬುದರೊಳಗೆ ಸೇರಿಹೋಗುತ್ತದೆ. “ನೋಡಿಕೊಂಡು ಹೋದರು” ಎಂಬಲ್ಲಿನ “ಹೋದರು” ಇಂಗ್ಲಿಷಿನಲ್ಲಿ ಬೇಡವೇ ಬೇಡ. ಗಂಜಿಯನ್ನು “ಗಂಜಿ” ಎಂದೇ ಇಟ್ಟು ಮೊದಲ ಸಲ “ರೈಸ್ ಗ್ರೂಯೆಲ್” ಎಂದು ವಿವರಿಸಬಹುದು. ಹೀಗೆ ಸಿಗುವ ಉತ್ತರ:

“ಗ್ರ್ಯಾಂಡ್‌ಮದರ್ ಹ್ಯಾಸ್ ಹ್ಯಾಡ್ ಎ ಫೀವರ್ ಸಿನ್ಸ್ ಯೆಸ್ಟರ್‌ಡೇ. ಶಿ ಸೇಸ್ ಶಿ ಡಸ್ ನಾಟ್ ಫೀಲ್ ಲೈಕ್ ಈಟಿಂಗ್. ಮೈ ಮದರ್ ಮೇಡ್ ಹರ್ ಸಮ್ ಗಂಜಿ, ಎ ರೈಸ್ ಗ್ರೂಯೆಲ್. ಗ್ರ್ಯಾಂಡ್‌ಮದರ್ ಡ್ರ್ಯಾಂಕ್ ಇಟ್ ಅಂಡ್ ವೆಂಟ್ ಸ್ಟ್ರೇಟ್ ಟು ಬೆಡ್. ದ ಡಾಕ್ಟರ್ ಕೇಮ್ ಇನ್ ದ ಈವ್ನಿಂಗ್ ಅಂಡ್ ಎಕ್ಸಾಮಿನ್ಡ್ ಹರ್.”

## ಹಂತ 8: ಗಟ್ಟಿಯಾಗಿ ಓದಿ, ಅಪಾಯದ ಗುರುತುಗಳನ್ನು ಹುಡುಕಿ

ಕನ್ನಡ ಉತ್ತರವನ್ನು ದನಿ ಎತ್ತಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಇಂಗ್ಲಿಷಿನ ಎಲುಬು ಉಳಿದಿರುತ್ತದೆ. ಆಮೇಲೆ ಪೆನ್ಸಿಲ್ ಹಿಡಿದು ಈ ಪದಗಳಿಗೆ ಗೆರೆ ಎಳೆಯಿರಿ: ಹೊಂದಿದೆ, ಅಲ್ಪಟ್ಟಿತು, ಮತ್ತು, ಒಂದು ವೇಳೆ, ಏನೆಂದರೆ, ದಯವಿಟ್ಟು. ಇವು ಇದ್ದರೆ ತಪ್ಪೇ ಎಂದಲ್ಲ, ಒಂದೊಂದನ್ನೂ ತೆಗೆದು ಓದಿ ನೋಡಿ. ಅರ್ಥ ಕೆಡದಿದ್ದರೆ ಅದು ಬೇಕಿರಲಿಲ್ಲ. “ಪ್ಲೀಸ್ ಓಪನ್ ದ ವಿಂಡೋ” ಎಂಬುದಕ್ಕೆ “ಕಿಟಕಿ ಸ್ವಲ್ಪ ತೆಗೆಯಿರಿ” ಎಂದರೆ ವಿನಯ “ಸ್ವಲ್ಪ”ದಲ್ಲೇ ಬಂದುಹೋಗಿದೆ. ಆರು ಸಾಲಿನ ಪ್ಯಾರಾದಲ್ಲಿ ಮೂರು ಸಲ “ಮತ್ತು” ಸಿಕ್ಕರೆ ಮೂರನೇ ಹಂತಕ್ಕೆ ಹಿಂದಿರುಗಿ.

ಇದಕ್ಕೆ ಎದುರಾದ ತಪ್ಪೂ ಇದೆ, ಅದನ್ನು ಹೇಳದೆ ಬಿಡುವ ಹಾಗಿಲ್ಲ. ಸಹಜವಾಗಿರಲೆಂದು ಮೂಲದಲ್ಲಿಲ್ಲದ ಗಾದೆ, ವಿಶೇಷಣ, ಉದ್ಗಾರ ಸೇರಿಸುವವರಿದ್ದಾರೆ. “ಹಿ ವಾಸ್ ಟೈಯರ್ಡ್” ಎಂಬುದು “ಅವನಿಗೆ ದಣಿವಾಗಿತ್ತು” ಆಗಬೇಕು, “ಅವನು ದಣಿದು ಸುಣ್ಣವಾಗಿದ್ದ” ಎಂದಾಗಬಾರದು, ಅದರಲ್ಲಿ ಮೂಲದಲ್ಲಿಲ್ಲದ ತೀವ್ರತೆ ಸೇರಿಕೊಂಡಿದೆ. ಹಾಗೆಯೇ “ಸಮ್”, “ಆಲ್ಮೋಸ್ಟ್”, “ಓನ್ಲಿ” ಎಂಬ ಸಣ್ಣ ಪದಗಳು ಪೋಣಿಸುವಾಗ ಜಾರಿಹೋಗುತ್ತವೆ. “ಓನ್ಲಿ ರವಿ ಕೇಮ್” ಎಂದರೆ “ರವಿ ಮಾತ್ರ ಬಂದ”, ಅದು “ರವಿ ಬಂದ” ಎಂದಾದರೆ ವಾಕ್ಯ ಎಷ್ಟೇ ಸಲೀಸಾಗಿದ್ದರೂ ಅಂಕ ಹೋಗುತ್ತದೆ.

ಕೊನೆಯ ಪರೀಕ್ಷೆಗೆ ಇನ್ನೊಬ್ಬರು ಬೇಕು. ನಿಮ್ಮ ಕನ್ನಡ ಉತ್ತರವನ್ನಷ್ಟೇ ಅವರ ಕೈಗೆ ಕೊಟ್ಟು, ಏನು ನಡೆಯಿತೆಂದು ಕೇಳಿ. ಅವರು ಹೇಳಿದ ಸಂಗತಿ ಮೂಲದ ಸಂಗತಿಯೇ ಆಗಿದ್ದು, ಇದು ಅನುವಾದವೆಂದು ಅವರಿಗೆ ಅನ್ನಿಸದಿದ್ದರೆ ಪೆನ್ನಿನಲ್ಲಿ ಕೊನೆಯ ಪ್ರತಿ ಬರೆಯಬಹುದು. ಸಂಗತಿ ಬದಲಾಗಿದ್ದರೆ ಎರಡನೇ ಹಂತದಿಂದ ಮತ್ತೆ ನೋಡಿ. ಸಂಗತಿ ಸರಿಯಿದ್ದು ಮಾತು ತೊಡಕಾಗಿದ್ದರೆ ಮೂರು ಮತ್ತು ಐದನೇ ಹಂತಗಳನ್ನಷ್ಟೇ ನೋಡಿದರೆ ಸಾಕು.